ತಾಟಿನ ತಳ ಓದುವ ಬಗೆ: ಪಿಂಗಾಣಿ ಮತ್ತು ಗಾಜಿನ ಪಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ನಮ್ಮ ಪಾತ್ರೆ ಅಂಗಡಿಗೆ ಹೊಸ ಸೆಟ್ ಕೊಳ್ಳಲು ಬರುವವರಂತೆ ಹಳೆಯದನ್ನು ಪೇಪರಿನಲ್ಲಿ ಸುತ್ತಿ ತೋರಿಸಲು ತರುವವರೂ ಇದ್ದಾರೆ. ಕ್ಯಾಂಪಿನ ಹಳೆ ಬಂಗಲೆಗಳಿಂದ ಇಂಗ್ಲೆಂಡಿನ ತಾಟುಗಳು ಬರುತ್ತವೆ. ಹಳೆ ಬಾಗಲಕೋಟೆಯ ಮನೆ ಮುಳುಗಡೆಯಾಗಿ ನವನಗರಕ್ಕೆ ಬಂದವರು ಅಟ್ಟದ ಮೇಲಿಟ್ಟಿದ್ದ ಪೆಟ್ಟಿಗೆ ಬಿಚ್ಚಿ ಕಪ್ಪು-ಬಸಿ ತರುತ್ತಾರೆ. ವಿಜಯಪುರದಿಂದ ಮದುವೆಯ ಉಡುಗೊರೆಯಾಗಿ ಬಂದ, ಸ್ಟಿಕ್ಕರ್ ಕಿತ್ತುಹೋದ ಡಿನ್ನರ್ ಸೆಟ್ ಬರುತ್ತದೆ. ಎಲ್ಲರೂ ಕೇಳುವುದು ಎರಡೇ ಮಾತು: ಇದು ಯಾರು ಮಾಡಿದ್ದು, ಇದನ್ನು ಮೈಕ್ರೋವೇವ್‌ನಲ್ಲಿ, ಡಿಶ್‌ವಾಷರ್‌ನಲ್ಲಿ ಹಾಕಬಹುದೋ ಇಲ್ಲವೋ. ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ತಳದಾಗ ಕಂಪನಿ ಹೆಸರು ಐತಿ, ದೊಡ್ಡ ಕಂಪನಿನೂ ಹೌದು. ಅಷ್ಟು ಸಾಕಲ್ರಿ?

ಸಾಲದು. ತಳದ ಮುದ್ರೆ ಯಾರು ಮಾಡಿದ್ದು ಎಂದು ಹೇಳುತ್ತದೆ. ಸ್ವಲ್ಪ ಅನುಭವವಿದ್ದರೆ ಯಾವ ಕಾಲದ್ದು ಎಂಬುದೂ ಅದರಿಂದ ತಿಳಿಯುತ್ತದೆ. ಆದರೆ ಒಂದೇ ಕಂಪನಿ ಒಂದೇ ವರ್ಷದಲ್ಲಿ ಚಿನ್ನದ ಅಂಚಿನ ಟೀ ಸೆಟ್ಟನ್ನೂ ಮಾಡಿರುತ್ತದೆ, ಅಂಚಿಲ್ಲದ ಸಾದಾ ತಾಟನ್ನೂ ಮಾಡಿರುತ್ತದೆ. ಎರಡರ ತಳದಲ್ಲೂ ಅದೇ ಮುದ್ರೆ. ಮೈಕ್ರೋವೇವ್‌ಗೆ ಮೊದಲನೆಯದು ಆಗುವುದಿಲ್ಲ, ಎರಡನೆಯದು ಆಗಬಹುದು.

ಆದ್ದರಿಂದ ನಾನು ಮುದ್ರೆ ಓದುವ ಮೊದಲು ಮೂರು ಸಂಗತಿ ನೋಡುತ್ತೇನೆ. ಪಾತ್ರೆ ಗಾಜಿನದೋ ಮಣ್ಣಿನದೋ? ಮಣ್ಣಿನದಾದರೆ ಅದರ ಒಡಲು ನೀರು ಕುಡಿಯುತ್ತದೆಯೋ ಇಲ್ಲವೋ? ಚಿತ್ರ ಗ್ಲೇಜಿನ, ಅಂದರೆ ಮಣ್ಣಿನ ಮೇಲಿನ ಗಾಜಿನಂಥ ಹೊಳಪು ಲೇಪದ, ಮೇಲಿದೆಯೋ ಕೆಳಗಿದೆಯೋ? ಈ ಮೂರು ಗೊತ್ತಾದ ಮೇಲೆ ಮುದ್ರೆ ನೆರವಿಗೆ ಬರುತ್ತದೆ. ಇವು ಗೊತ್ತಿಲ್ಲದೆ ಬರೀ ಹೆಸರು ಓದಿ ನಿರ್ಧಾರ ಮಾಡಿದರೆ ತಪ್ಪುವುದೇ ಹೆಚ್ಚು.

ಬೆಳ್ಳಗಿನ ತಾಟು ಗಾಜಿನದೋ ಪಿಂಗಾಣಿಯದೋ ಹೇಗೆ ಗುರುತಿಸುವುದು?

ತಾಟನ್ನು ಬೋರಲು ಹಾಕಿ ಅದು ನೆಲಕ್ಕೆ ತಾಗುವ ಉಂಗುರದ ಮೇಲೆ ಬೆರಳಾಡಿಸಿ. ಪಿಂಗಾಣಿಯನ್ನು ಭಟ್ಟಿಯಲ್ಲಿ ಸುಡುವಾಗ ಗ್ಲೇಜು ಕರಗಿ ಕೆಳಗಿನ ಹಲಗೆಗೆ ಅಂಟಬಾರದೆಂದು ಆ ಉಂಗುರದ ಮೇಲಿನ ಗ್ಲೇಜನ್ನು ಮೊದಲೇ ಒರೆಸಿ ತೆಗೆದಿರುತ್ತಾರೆ. ಹಾಗಾಗಿ ಅಲ್ಲಿ ಹೊಳಪಿಲ್ಲದ, ಸೀಮೆಸುಣ್ಣ ಮುಟ್ಟಿದಂಥ ತರಿತರಿ ಸಿಗುತ್ತದೆ. ಇಂದು ನಮ್ಮ ಮನೆಗಳಲ್ಲಿ ಬಹಳವಾಗಿ ಕಾಣುವ ಹಗುರವಾದ ಬಿಳಿ ಡಿನ್ನರ್ ಸೆಟ್ಟುಗಳು ಓಪಲ್ ಗಾಜಿನವು. ಅವುಗಳ ಮೈ ತಳದ ತನಕ ಒಂದೇ ಸಮನೆ ನುಣುಪು, ತರಿ ಉಂಗುರ ಇರುವುದೇ ಇಲ್ಲ.

ಇನ್ನೊಂದು ಬಗೆಯೂ ಇದೆ. ಇಂಗ್ಲೆಂಡಿನ ಹಳೆಯ ಮಣ್ಣಿನ ತಾಟುಗಳಿಗೆ ತಳಕ್ಕೂ ಗ್ಲೇಜು ಇರುತ್ತದೆ. ಅವನ್ನು ಮೂರು ಚೂಪು ಮೊನೆಗಳ ಮೇಲೆ ಕೂರಿಸಿ ಸುಡುತ್ತಿದ್ದರು. ತಳದಲ್ಲೋ ಅಂಚಿನ ಹಿಂಬದಿಯಲ್ಲೋ ತ್ರಿಕೋನವಾಗಿ ಮೂರು ಸಣ್ಣ ಚುಕ್ಕೆ ಗಾಯಗಳು ಕಂಡರೆ ಅವು ಆ ಮೊನೆಗಳ ಗುರುತು, ಒಡಕಲ್ಲ. ಭಟ್ಟಿಯ ಹೆಚ್ಚು ಬಿಸಿಯಲ್ಲಿ ಗಟ್ಟಿ ಪಿಂಗಾಣಿ ಮೆತ್ತಗಾಗುವುದರಿಂದ ಅದನ್ನು ಹೀಗೆ ಮೊನೆಯ ಮೇಲೆ ಕೂರಿಸಲಾಗುವುದಿಲ್ಲ. ಆದ್ದರಿಂದ ಈ ಮೂರು ಚುಕ್ಕೆ ಕಂಡ ಕೂಡಲೇ ಇದು ಸಾಮಾನ್ಯವಾಗಿ ನೀರು ಕುಡಿಯುವ ಜಾತಿಯ ಮಣ್ಣು ಎಂದು ನಾನು ಅಂದಾಜು ಮಾಡುತ್ತೇನೆ. ಹೆಸರು ಹೇಳದ ಸತ್ಯವನ್ನು ಆ ಚುಕ್ಕೆಗಳು ಹೇಳುತ್ತವೆ.

ನಮ್ಮ ಕಡೆ ಮನೆಗಳಲ್ಲಿ ಯಾವ ಮುದ್ರೆಗಳು ಹೆಚ್ಚು ಕಾಣುತ್ತವೆ?

ಓಪಲ್ ಗಾಜಿನಲ್ಲಿ ಲಾ ಓಪಾಲಾ, ಅದೇ ಕಂಪನಿಯ ದಿವಾ, ಬೋರೋಸಿಲ್‌ನವರ ಲಾರಾ ಹೆಸರುಗಳನ್ನು ತಳದಲ್ಲಿ ತೆಳುವಾಗಿ ಅಚ್ಚು ಹಾಕಿರುತ್ತಾರೆ. ನೀರು ಕುಡಿಯುವ ಗ್ಲಾಸುಗಳ ತಳದಲ್ಲಿ ಗಾಜಿನಲ್ಲೇ ಉಬ್ಬಿದ ಅಕ್ಷರದಲ್ಲಿ ಯೇರಾ ಎಂದಿದ್ದರೆ ಅದು ವಡೋದರಾದ ಅಲೆಂಬಿಕ್ ಗ್ಲಾಸ್‌ನವರದು. ಫ್ರಾನ್ಸಿನ ಡ್ಯೂರಾಲೆಕ್ಸ್ ಗ್ಲಾಸುಗಳ ತಳದಲ್ಲಿ ಹೆಸರಿನ ಜೊತೆ ಒಂದು ಸಣ್ಣ ಅಂಕಿ ಇರುತ್ತದೆ. ಅದು ಅಚ್ಚಿನ ನಂಬರ್. ವರ್ಷವೂ ಅಲ್ಲ, ಅಳತೆಯೂ ಅಲ್ಲ.

ಪಿಂಗಾಣಿಯಲ್ಲಿ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್, ಹಿತ್‌ಕಾರಿ ಎಂಬ ಹೆಸರುಗಳು ಹಿಂದಿನ ತಲೆಮಾರಿನ ಕಪ್ಪು-ಬಸಿಗಳ ಕೆಳಗೆ ಸಿಗುತ್ತವೆ. ಎಲೆಬಳ್ಳಿಯ ಸುತ್ತಿನೊಳಗೆ ಇಂಗ್ಲಿಷಿನ ಎಮ್ ಅಕ್ಷರವಿದ್ದರೆ ಜಪಾನಿನ ನೊರಿಟಾಕೆ, ಆ ಎಮ್ ಮೋರಿಮುರಾ ಮನೆತನದ್ದು. ಕಿರೀಟವಿರುವ ಮುದ್ರೆ ಕಂಡು ರಾಜಮನೆತನದ ಸಾಮಾನು ಅಂದುಕೊಳ್ಳಬೇಡಿ. ಕಿರೀಟ, ಸಿಂಹ, ಗುರಾಣಿಗಳನ್ನು ಲೆಕ್ಕವಿಲ್ಲದಷ್ಟು ಕಾರ್ಖಾನೆಗಳು ಬಳಸಿವೆ. ಖುರ್ಜಾದ ಸ್ಟೋನ್‌ವೇರ್ ಬರಣಿ, ಮಗ್ಗುಗಳಲ್ಲಿ ಬಹಳಷ್ಟಕ್ಕೆ ಮುದ್ರೆಯೇ ಇರುವುದಿಲ್ಲ. ಕೆಲವೊಮ್ಮೆ ತಳದ ಹೆಸರು ಮಾಡಿದವರದ್ದಾಗಿರದೆ ತರಿಸಿ ಮಾರಿದ ವ್ಯಾಪಾರಿಯದ್ದಾಗಿರುತ್ತದೆ. ಆಗ ಆ ಹೆಸರಿನ ಕಾರ್ಖಾನೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹೆಸರು ಓದಲಾಗದಿದ್ದರೂ ಕಾಲ ಹೇಳಬಹುದೇ?

ಉಳಿದ ಪದಗಳಿಂದ ಹೇಳಬಹುದು. 1891ರಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಹಾಗಾಗಿ ಬರೀ ಇಂಗ್ಲೆಂಡ್ ಎಂದಿದ್ದರೆ ಸಾಮಾನ್ಯವಾಗಿ ಆ ವರ್ಷದ ಈಚೆಯದು, ಮೇಡ್ ಇನ್ ಇಂಗ್ಲೆಂಡ್ ಎಂದಿದ್ದರೆ ಬಹುತೇಕ ಇಪ್ಪತ್ತನೆಯ ಶತಮಾನದ್ದು. ಜಪಾನಿನವರು 1921ರ ತನಕ ನಿಪ್ಪಾನ್ ಎಂದು ಬರೆಯುತ್ತಿದ್ದರು, ಆಮೇಲೆ ಜಪಾನ್ ಬಂತು. ಆಕ್ಯುಪೈಡ್ ಜಪಾನ್ ಎಂದಿದ್ದರೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ 1952ರ ಒಳಗಿನದು.

ನಮ್ಮ ಕೆಲಸಕ್ಕೆ ಇದಕ್ಕಿಂತ ಉಪಯೋಗದ ಸುಳಿವೊಂದಿದೆ. ಮನೆಯ ಕಟ್ಟೆಯ ಮೇಲೆ ಇಡುವಂಥ ಮೈಕ್ರೋವೇವ್ ಮಾರಾಟಕ್ಕೆ ಬಂದದ್ದೇ 1967ರಲ್ಲಿ, ಅಮೆರಿಕದಲ್ಲಿ. ಎಂದಮೇಲೆ ತಳದಲ್ಲಿ ಮೈಕ್ರೋವೇವ್ ಸೇಫ್ ಎಂಬ ಮಾತಿದ್ದರೆ ಆ ತಾಟು ಅಜ್ಜನ ಕಾಲದ್ದಾಗಿರಲು ಸಾಧ್ಯವಿಲ್ಲ, ಮುದ್ರೆ ಎಷ್ಟೇ ಹಳೆಯದರಂತೆ ಕಾಣಲಿ. ಇದನ್ನು ತಿರುಗಿಸಿ ಓದಬಾರದು. ಹಳೆ ತಾಟಿನಲ್ಲಿ ಆ ಮಾತು ಇಲ್ಲವೆಂದರೆ ಅದು ಅಪಾಯಕಾರಿ ಎಂದು ಅರ್ಥವಲ್ಲ, ಅದನ್ನು ಮಾಡಿದವರಿಗೆ ಆ ಪ್ರಶ್ನೆಯೇ ಇರಲಿಲ್ಲ. ಅಂಥದ್ದನ್ನು ನಾವೇ ಪರೀಕ್ಷೆ ಮಾಡಬೇಕು.

ಆ ಪರೀಕ್ಷೆ ಹೇಗೆ? ಒಂದು ತಾಟು ಹಿಡಿದು ತೋರಿಸಿ.

ಕ್ಯಾಂಪಿನ ನಿವೃತ್ತ ಶಿಕ್ಷಕಿಯೊಬ್ಬರು ನೀಲಿ ಚಿತ್ರದ ಊಟದ ತಾಟೊಂದನ್ನು ತಂದರು. ಅವರ ಮಾವನವರು ಹರಾಜಿನಲ್ಲಿ ಕೊಂಡ ಸೆಟ್ಟಿನದು. ತಳದಲ್ಲಿ ಕಿರೀಟ, ಕೆಳಗೆ ಜಾನ್ಸನ್ ಬ್ರದರ್ಸ್, ಮೇಡ್ ಇನ್ ಇಂಗ್ಲೆಂಡ್. ಇದು 1883ರಲ್ಲಿ ಸ್ಟಾಫರ್ಡ್‌ಶೈರ್‌ನಲ್ಲಿ ಶುರುವಾದ ಕಂಪನಿ, 1968ರಲ್ಲಿ ವೆಡ್ಜ್‌ವುಡ್ ಗುಂಪಿಗೆ ಸೇರಿತು. ಇವರ ಮುದ್ರೆ ಕಾಲಕಾಲಕ್ಕೆ ಬದಲಾಗಿದೆ, ಈಚಿನ ತಾಟುಗಳ ತಳದಲ್ಲಿ ಡಿಶ್‌ವಾಷರ್, ಮೈಕ್ರೋವೇವ್ ಎಂಬ ಮಾತುಗಳೂ ಇವೆ. ಇದರಲ್ಲಿ ಇರಲಿಲ್ಲ. ವೆಡ್ಜ್‌ವುಡ್ ಹೆಸರೂ ಇರಲಿಲ್ಲ. ಆದ್ದರಿಂದ ಹಳೆಯದೇ ಇರಬೇಕು ಎಂದುಕೊಂಡೆವು.

"ಬಿಸಿ ಮಾಡಬಹುದೋ ಇಲ್ಲೋ, ಅಷ್ಟು ಹೇಳ್ರಿ" ಅಂದರು ಟೀಚರ್.

ತಾಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗ್ಲೇಜಿನಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಕಾಣುತ್ತಿತ್ತು. ನಡುಭಾಗದಲ್ಲಿ ಕೆಲವು ಎಳೆಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಅಂದರೆ ಎಣ್ಣೆ-ಸಾರು ಒಳಗಿಳಿದಿತ್ತು. ತಳದಲ್ಲಿ ಮೂರು ಚುಕ್ಕೆಗಳೂ ಇದ್ದವು. ಇಷ್ಟರಲ್ಲೇ ಉತ್ತರ ಹೆಚ್ಚುಕಡಿಮೆ ಸಿಕ್ಕಂತೆ. ಆದರೂ ತೂಕ ಮಾಡಿಯೇ ನೋಡಿದೆವು.

ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟರೆ 486 ಗ್ರಾಂ. ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಬಟ್ಟೆಯಿಂದ ಒರೆಸಿ ತೂಗಿದರೆ 504 ಗ್ರಾಂ. 18 ಗ್ರಾಂ ನೀರು ಮಣ್ಣಿನೊಳಗೆ ಹೋಗಿತ್ತು. 486ಕ್ಕೆ 18 ಎಂದರೆ ಶೇಕಡಾ 3.7. ಚೆನ್ನಾಗಿ ಬೆಂದ ಪಿಂಗಾಣಿ ಶೇಕಡಾ 0.5ಕ್ಕಿಂತ ಕಡಿಮೆ ಕುಡಿಯುತ್ತದೆ, ಇದೇ ತೂಕದ ತಾಟಿಗೆ ಎರಡು ಗ್ರಾಮಿನ ಆಸುಪಾಸು. ಗ್ಲೇಜು ಮುಚ್ಚಿರುವ ಕಡೆ ನೀರು ಹೋಗದ ಕಾರಣ, ಈ ತಾಟಿನ ಮಣ್ಣು ನಿಜಕ್ಕೂ ಕುಡಿಯಬಲ್ಲದ್ದು ನಮ್ಮ ಲೆಕ್ಕಕ್ಕಿಂತ ಹೆಚ್ಚೇ ಇದ್ದೀತು.

ಮೈಕ್ರೋವೇವ್ ಕಾಯಿಸುವುದು ಮುಖ್ಯವಾಗಿ ನೀರನ್ನು. ತಾಟಿನ ಒಡಲಲ್ಲೇ ನೀರಿದ್ದರೆ ಅನ್ನಕ್ಕಿಂತ ಮೊದಲು ತಾಟೇ ಕಾಯುತ್ತದೆ, ಒಳಗಿನ ನೀರು ಹಬೆಯಾಗಿ ಗ್ಲೇಜನ್ನು ತಳ್ಳುತ್ತದೆ, ಬಿರುಕು ಬೆಳೆಯುತ್ತದೆ. ಇದನ್ನು ನೋಡಲು ಒಂದು ಗಾಜಿನ ಲೋಟದಲ್ಲಿ ಸುಮಾರು 250 ಮಿಲಿ ನೀರು ಹಾಕಿ, ಖಾಲಿ ತಾಟಿನ ಜೊತೆಗೆ ಮೈಕ್ರೋವೇವ್‌ನಲ್ಲಿಟ್ಟು ಪೂರ್ತಿ ಶಕ್ತಿಯಲ್ಲಿ ಒಂದು ನಿಮಿಷ ಓಡಿಸಿ. ಲೋಟದ ನೀರು ಬಿಸಿಯಾಗಿ ತಾಟು ತಣ್ಣಗಿದ್ದರೆ ಸರಿ. ತಾಟು ಬಿಸಿಯಾಗಿದ್ದರೆ ಅದು ಮೈಕ್ರೋವೇವ್‌ಗೆ ಬೇಡ. ನೀರಿನ ಲೋಟವಿಲ್ಲದೆ ಖಾಲಿ ತಾಟನ್ನು ಓಡಿಸಬಾರದು, ಮೆಷಿನ್ ಕೆಡುತ್ತದೆ.

ಟೀಚರ್ ಅವರ ತಾಟನ್ನು ಮೊದಲ ದಿನ ಒಣಗಿದ್ದಾಗ ಇಟ್ಟಿದ್ದೆವು, ಬರೀ ಉಗುರುಬೆಚ್ಚಗಾಗಿತ್ತು. ನೆನೆಸಿ ಒರೆಸಿದ ಮೇಲೆ ಇಟ್ಟಾಗ ಅಂಚು ಹಿಡಿಯಲಾರದಷ್ಟು ಬಿಸಿ. ಬಹಳ ಜನ ತಪ್ಪುವುದು ಇಲ್ಲೇ. ಕಪಾಟಿನಲ್ಲಿ ತಿಂಗಳುಗಟ್ಟಲೆ ಒಣಗಿದ ತಾಟು ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆಮೇಲೆ ದಿನಾ ತೊಳೆದು ಬಳಸಲು ಶುರುಮಾಡಿದಾಗ ನೀರು ಕುಡಿದು ಒಂದು ದಿನ ಕೈ ಸುಡುತ್ತದೆ ಅಥವಾ ಟಪ್ಪೆಂದು ಸೀಳುತ್ತದೆ. ಪರೀಕ್ಷೆ ಮಾಡುವುದಿದ್ದರೆ ನೆನೆಸಿ ಮಾಡಿ.

ಡಿಶ್‌ವಾಷರ್‌ಗೂ ಆ ತಾಟು ಬೇಡವೆಂದೆ. ನೀಲಿ ಬಣ್ಣ ಗ್ಲೇಜಿನ ಕೆಳಗಿದ್ದುದರಿಂದ ಚಿತ್ರಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಬಿರುಕಿನೊಳಗೆ ಬಿಸಿ ಸೋಪುನೀರು ಇಳಿದು ಆಮೇಲೆ ಒಣಗುವ ಬಿಸಿಯಲ್ಲಿ ಬಲೆ ಇನ್ನಷ್ಟು ಹರಡುತ್ತದೆ, ಕಂದು ಕಲೆ ಮೇಲೇಳುತ್ತದೆ. ಈಗ ಅವರು ಅದರಲ್ಲಿ ಹಬ್ಬಕ್ಕೆ ಕರದಂಟು, ಕುಂದಾ ಇಟ್ಟು ಕೊಡುತ್ತಾರೆ. ಆಮೇಲೆ ಕೈಯಲ್ಲಿ ತೊಳೆದು, ತಂತಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸುತ್ತಾರೆ.

ಬಂಗಾರದ ಗೆರಿ ಸಣ್ಣದೈತ್ರಿ, ಅರ್ಧ ನಿಮಿಷ ಇಟ್ರ ನಡೀತೈತೇನು?

ಇಲ್ಲ. ಚಿನ್ನ, ಬೆಳ್ಳಿ, ಪ್ಲಾಟಿನಂ ಯಾವ ಗೆರೆಯಾದರೂ ಲೋಹವೇ. ಗೆರೆ ಸಣ್ಣದಿದ್ದಷ್ಟು, ಅಲ್ಲಲ್ಲಿ ಸವೆದಿದ್ದಷ್ಟು ತುಂಡುಗಳ ನಡುವೆ ಕಿಡಿ ಹಾರುವುದು ಸುಲಭ. ಕಿಡಿ ಹಾರಿದ ಕಡೆ ಚಿನ್ನ ಸುಟ್ಟು ಕಪ್ಪಾಗುತ್ತದೆ, ಮತ್ತೆ ಬರುವುದಿಲ್ಲ. ಇಂಥ ಪಾತ್ರೆಗೆ ನೀರಿನ ಲೋಟದ ಪರೀಕ್ಷೆಯನ್ನೂ ಮಾಡಬೇಡಿ. ಕೆಲವು ಕಪ್ಪುಗಳ ತಳದ ಮುದ್ರೆಯೇ ಬಂಗಾರದ ಬಣ್ಣದ್ದಿರುತ್ತದೆ, ಅದನ್ನೂ ಲೋಹವೆಂದೇ ತಿಳಿಯಿರಿ.

ಚಿತ್ರ ಗ್ಲೇಜಿನ ಮೇಲಿದೆಯೋ ಕೆಳಗಿದೆಯೋ ಎಂದು ಹೇಗೆ ತಿಳಿಯುವುದು?

ಟ್ಯೂಬ್‌ಲೈಟಿನ ಕೆಳಗೆ ತಾಟನ್ನು ನಿಧಾನವಾಗಿ ಓರೆ ಮಾಡುತ್ತ, ಲೈಟಿನ ಬಿಳಿ ಪ್ರತಿಬಿಂಬ ಹೂವಿನ ಚಿತ್ರದ ಮೇಲೆ ಹಾದುಹೋಗುವಂತೆ ನೋಡಿ. ಚಿತ್ರ ಕೆಳಗಿದ್ದರೆ ಆ ಬಿಳಿ ಗೆರೆ ಎಲ್ಲೂ ಮುರಿಯದೆ ಸಾಗುತ್ತದೆ, ಹೂವು ನೀರಿನೊಳಗೆ ಇದ್ದಂತೆ ಕಾಣುತ್ತದೆ. ಮೇಲಿದ್ದರೆ ಹೂವಿನ ಅಂಚಿಗೆ ಬಂದ ಕೂಡಲೇ ಹೊಳಪು ಬದಲಾಗುತ್ತದೆ, ಉಗುರಿಗೆ ಸಣ್ಣ ಏರು ಸಿಗುತ್ತದೆ.

ಡಿಶ್‌ವಾಷರ್ ಪುಡಿ ಕೈಸೋಪಿನಂತಲ್ಲ, ಕ್ಷಾರ ಜಾಸ್ತಿ. ಬಿಸಿನೀರಿನ ಜೊತೆ ಸೇರಿ ಮೇಲಿನ ಚಿತ್ರವನ್ನು ತೊಳೆತದಿಂದ ತೊಳೆತಕ್ಕೆ ತಿನ್ನುತ್ತದೆ. ಮೊದಲು ಕೆಂಪು, ಹಳದಿ ಮಂಕಾಗುತ್ತವೆ, ಚಿನ್ನ ಹೋಗುತ್ತದೆ, ಕೊನೆಗೆ ಮುಟ್ಟಿದರೆ ಪುಡಿಪುಡಿ ಎನ್ನಿಸುತ್ತದೆ. ಹೀಗೆ ಸವೆಯುತ್ತಿರುವ ಹಳೆ ಚಿತ್ರದ ತಾಟಿನಲ್ಲಿ ಊಟ ಮಾಡುವುದನ್ನೇ ನಿಲ್ಲಿಸಿ ಎನ್ನುತ್ತೇನೆ. ಹಳೆಯ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತಿದ್ದವು, ಹುಳಿ ತಾಗಿದರೆ ಅವು ಊಟಕ್ಕೆ ಇಳಿಯುತ್ತವೆ. ನಮ್ಮ ಊಟದಲ್ಲಿ ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿ ಇಲ್ಲದ ದಿನವೇ ಇಲ್ಲ. ಪುಂಡಿಪಲ್ಯವೂ ಹುಳಿಯೇ. ತಾಟಿನ ನಡುವೆ ಚಿತ್ರವಿರುವ ಹಳೆಯ ಸಾಮಾನನ್ನು ಗೋಡೆಗೆ ತೂಗುಹಾಕಿ, ಮಕ್ಕಳಿಗೆ ಅದರಲ್ಲಿ ಬಡಿಸಬೇಡಿ.

ಅಮೆರಿಕದ ಮಕ್ಕಳ ಮನೆಯಿಂದ ಬಂದ ಕೊರೆಲ್ ತಾಟುಗಳ ಬಗ್ಗೆಯೂ ಇದೇ ಮಾತು. ಅದು 1970ರಲ್ಲಿ ಬಂದ, ಗಾಜಿನ ಪದರಗಳನ್ನು ಬೆಸೆದು ಮಾಡುವ ಬಹಳ ಗಟ್ಟಿ ಸಾಮಾನು. ಆದರೂ 2005ಕ್ಕಿಂತ ಹಿಂದಿನ ಚಿತ್ರದ ತಾಟುಗಳನ್ನು ಅಲಂಕಾರಕ್ಕೆ ಇಟ್ಟುಕೊಳ್ಳಿ ಎಂದು ಆ ಕಂಪನಿಯೇ ಹೇಳಿದೆ.

ಗಾಜಿನ ಗ್ಲಾಸು ಡಿಶ್‌ವಾಷರ್‌ನಲ್ಲಿ ಬೆಳ್ಳಗಾಗಿದೆ. ಕೆಟ್ಟುಹೋಯಿತೇ?

ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರಿನವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಬೆಳ್ಳಗಾದ ಕಡೆ ಬಿಳಿ ವಿನೆಗರ್ ಇಲ್ಲವೇ ನಿಂಬೆರಸ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ತಿಳಿಯಾದರೆ ಅದು ಗಡುಸು ನೀರಿನ ಸುಣ್ಣ, ಗ್ಲಾಸಿಗೆ ಏನೂ ಆಗಿಲ್ಲ. ಮೆಷಿನ್ನಿಗೆ ಡಿಶ್‌ವಾಷರ್ ಉಪ್ಪು ತುಂಬಿ, ಗಡುಸುತನದ ಅಂಕಿಯನ್ನು ನಿಮ್ಮ ನೀರಿಗೆ ತಕ್ಕಂತೆ ಏರಿಸಿ. ಆ ಅಂಕಿಯನ್ನು ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟಿರುವವರೇ ಹೆಚ್ಚು.

ವಿನೆಗರಿಗೂ ಹೋಗದಿದ್ದರೆ, ಬೆಳಕಿಗೆ ಹಿಡಿದಾಗ ಕಾಮನಬಿಲ್ಲಿನ ಬಣ್ಣ ಹೊಳೆದರೆ, ಗಾಜಿನ ಮೈಯೇ ಸವೆದಿದೆ. ಅದಕ್ಕೆ ಮದ್ದಿಲ್ಲ. ಇದಾಗುವುದು ನೀರು ಮೃದುವಾಗಿದ್ದು ಪುಡಿ ಜಾಸ್ತಿಯಾದಾಗ, ಬಿಸಿಯೂ ಜಾಸ್ತಿಯಾದಾಗ. ಬೆಳಗಾವಿಯಲ್ಲಿ ರಕ್ಕಸಕೊಪ್ಪ ಜಲಾಶಯದ ನಲ್ಲಿ ನೀರು ಬರುವ ಮನೆಯವರು ವಿಜಯಪುರದ ಅಕ್ಕನ ಮನೆಯಷ್ಟೇ ಪುಡಿ ಹಾಕಬಾರದು. ಯೇರಾದಂಥ ಸಾದಾ ಸೋಡಾ-ಸುಣ್ಣದ ಗಾಜಿನ ಗ್ಲಾಸುಗಳನ್ನು ಮೇಲಿನ ತಟ್ಟೆಯಲ್ಲಿಟ್ಟು ಕಡಿಮೆ ಬಿಸಿಯ ಕಾರ್ಯಕ್ರಮದಲ್ಲಿ ತೊಳೆಯಿರಿ.

ಮುದ್ರೆ ಇಲ್ಲದ ಗಾಜಿನ ಬೋಗುಣಿ ಬಿಸಿ ತಾಳುವ ಬೋರೋಸಿಲಿಕೇಟ್ ಹೌದೋ ಅಲ್ಲವೋ?

ಇದಕ್ಕೆ ನಮ್ಮ ಸೀಮೆಯ ಅಡುಗೆಮನೆಯಲ್ಲೇ ಒಳ್ಳೆಯ ಪರೀಕ್ಷೆಯಿದೆ. ಕುಸುಬೆ ಎಣ್ಣೆ ಬೇಕು, ಶೇಂಗಾ ಎಣ್ಣೆಯೂ ನಡೆಯುತ್ತದೆ. ಬೋರೋಸಿಲಿಕೇಟ್ ಗಾಜು ಬೆಳಕನ್ನು ಬಗ್ಗಿಸುವ ಪ್ರಮಾಣ ಸುಮಾರು 1.47, ಈ ಎಣ್ಣೆಗಳದ್ದೂ ಅಷ್ಟೇ. ಸಾದಾ ಗಾಜಿನದು ಸುಮಾರು 1.52. ಎರಡೂ ಒಂದೇ ಪ್ರಮಾಣದಲ್ಲಿ ಬಗ್ಗಿಸಿದರೆ ಗಾಜು ಎಲ್ಲಿ ಮುಗಿದು ಎಣ್ಣೆ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ.

ದೊಡ್ಡ ಪಾರದರ್ಶಕ ಪಾತ್ರೆಯಲ್ಲಿ ಎಣ್ಣೆ ಹಾಕಿ, ಬೋಗುಣಿಯ ಹಿಡಿಯನ್ನೋ ಅಂಚನ್ನೋ ಅದರೊಳಗೆ ಇಳಿಸಿ ಪಕ್ಕದಿಂದ ನೋಡಿ. ಮುಳುಗಿದ ಭಾಗ ಕರಗಿಹೋದಂತೆ ಮಾಯವಾದರೆ ಬೋರೋಸಿಲಿಕೇಟ್. ಅಂಚು ಸ್ಪಷ್ಟವಾಗಿ ಕಾಣುತ್ತಲೇ ಇದ್ದರೆ ಸಾದಾ ಗಾಜು. ಬಣ್ಣದ ಗಾಜಿಗೆ, ಬಿಳಿ ಓಪಲ್‌ಗೆ ಈ ಪರೀಕ್ಷೆ ಆಗದು. ಎಣ್ಣೆ ತಿಳಿಯಾಗಿರಬೇಕು, ಗಾಣದ ಎಣ್ಣೆಯಾದರೆ ಗಸಿ ಕೆಳಗೆ ಕೂತ ಮೇಲೆ ಬಳಸಿ.

ಇದು ಗೊತ್ತಿರಬೇಕಾದ ಕಾರಣ ಫ್ರಿಜ್. ಬಿಸಿಗೆ ಬೋರೋಸಿಲಿಕೇಟ್ ಹಿಗ್ಗುವುದು ಸಾದಾ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ. ರಾತ್ರಿಯ ಪಲ್ಯವನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ಮೈಕ್ರೋವೇವ್‌ಗೆ ಇಡುವ ಮನೆಯಲ್ಲಿ ಸಾದಾ ಗಾಜು ಬಹಳ ದಿನ ಬಾಳುವುದಿಲ್ಲ. ಮೈಕ್ರೋವೇವ್ ಕಿರಣ ಸಾದಾ ಗಾಜಿಗೂ ಏನೂ ಮಾಡದು, ಸೀಳುವುದು ಒಂದು ಕಡೆ ತಣ್ಣಗೆ ಒಂದು ಕಡೆ ಬಿಸಿಯಾದಾಗ. ಟೆಂಪರ್ಡ್, ಅಂದರೆ ಕಾಯಿಸಿ ಬೇಗನೆ ತಣಿಸಿ ಗಟ್ಟಿ ಮಾಡಿದ, ಓಪಲ್ ತಾಟು ಇದನ್ನು ಸಾದಾ ಗಾಜಿಗಿಂತ ಹೆಚ್ಚು ತಾಳುತ್ತದೆ. ಆದರೆ ಅದರ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ತೆಗೆದಿಡಿ, ಒಡೆದರೆ ಒಮ್ಮೆಲೇ ಚೂರುಚೂರಾಗುತ್ತದೆ.

ಪೈರೆಕ್ಸ್ ಹೆಸರು ಕಂಡೊಡನೆ ಬೋರೋಸಿಲಿಕೇಟ್ ಎನ್ನಬೇಡಿ. ಆ ಹೆಸರಿನಲ್ಲಿ ಅಮೆರಿಕದಲ್ಲಿ ಟೆಂಪರ್ಡ್ ಸೋಡಾ-ಸುಣ್ಣದ ಗಾಜೂ ಬಂದಿದೆ. ಅದಕ್ಕೂ ಎಣ್ಣೆಯ ಪರೀಕ್ಷೆಯೇ ಸರಿ.

ತಳದಲ್ಲಿರುವ ಚಿಹ್ನೆಗಳನ್ನು ನಂಬಬಹುದೇ?

ಹೆಸರಿರುವ ಕಂಪನಿಯ ಅಚ್ಚಾದ ಚಿಹ್ನೆಯನ್ನು ನಂಬುತ್ತೇನೆ. ಅಲೆಯಂಥ ಗೆರೆಗಳು ಮೈಕ್ರೋವೇವ್, ತಾಟುಗಳ ಮೇಲೆ ನೀರಿನ ಹನಿ ಡಿಶ್‌ವಾಷರ್. ಲೋಟ ಮತ್ತು ಫೋರ್ಕಿನ ಚಿತ್ರವನ್ನು ಮಾತ್ರ ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ಆಹಾರ ಇಡಬಹುದು ಎನ್ನುವ ಯುರೋಪಿನ ಗುರುತು, ಬಿಸಿ ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂತೆಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ, ಕಂಪನಿ ಹೆಸರಿಲ್ಲದೆ ಬರೀ ಚಿಹ್ನೆಗಳಿರುವ ಮಗ್ಗಿಗೆ ನೆನೆಸಿ-ತೂಗುವ ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟುಕೊಳ್ಳಿ.

ಬೀಳಿಸಿದರೂ ಒಡೆಯದ, ಪಿಂಗಾಣಿಯಂಥ ತಾಟು ಯಾವುದು?

ಮೆಲಮೈನ್, ಒಂದು ಬಗೆಯ ಪ್ಲಾಸ್ಟಿಕ್. ಉಗುರಿನಿಂದ ತಟ್ಟಿದರೆ ಠಣ್ ಎನ್ನದೆ ಮಂದವಾಗಿ ಟಪ್ ಎನ್ನುತ್ತದೆ, ಕೈಗೆ ತಣ್ಣಗೆ ತಾಗುವುದಿಲ್ಲ. ಮೈಕ್ರೋವೇವ್‌ನಲ್ಲಿ ತಾನೇ ಕಾಯುತ್ತದೆ, ಕಾದರೆ ಅದರಿಂದ ಫಾರ್ಮಾಲ್ಡಿಹೈಡ್ ಊಟಕ್ಕೆ ಇಳಿಯುತ್ತದೆ. ಬೇಡವೇ ಬೇಡ.

ಖಾನಾಪುರದ ಮಣ್ಣಿನ ಕುಡಿಕೆಯಲ್ಲಿ ಹಾಲು ಬಿಸಿ ಮಾಡಬಹುದೇ?

ಖಾನಾಪುರದ ಕೆಂಪು ಮಣ್ಣಿನ ಪಾತ್ರೆಗಳು ಒಳ್ಳೆಯವು, ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಅಲ್ಲಿದೆ. ಆದರೆ ಗ್ಲೇಜಿಲ್ಲದ ಕುಡಿಕೆಯ ಗುಣವೇ ನೀರು ಕುಡಿಯುವುದು, ಹಾಗೆ ಕುಡಿಯುವುದರಿಂದಲೇ ಮೊಸರು ಗಟ್ಟಿಯಾಗುತ್ತದೆ. ಮೈಕ್ರೋವೇವ್‌ಗೂ ಡಿಶ್‌ವಾಷರ್‌ಗೂ ಹಾಕಬೇಡಿ. ಸೋಪು ಒಮ್ಮೆ ಒಳಗಿಳಿದರೆ ಮುಂದಿನ ಮೊಸರಿನಲ್ಲಿ ರುಚಿ ಗೊತ್ತಾಗುತ್ತದೆ. ಬಿಸಿನೀರು, ನಾರು, ಬಿಸಿಲು ಇದಕ್ಕೆ ಸಾಕು.

ಹಿಡಿ ಕಿತ್ತ ಕಪ್ಪಿಗೆ ಅಂಟು ಹಚ್ಚೇವ್ರಿ. ಇನ್ನ ಚಹಾ ಬಿಸಿ ಮಾಡಬಹುದಲ್ರಿ?

ಮಾಡಬೇಡಿ. ಮನೆಯಲ್ಲಿ ಹಚ್ಚುವ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಮುರಿದ ಜಾಗದಲ್ಲಿ ಗ್ಲೇಜಿಲ್ಲದ ಮಣ್ಣು ನೀರು ಕುಡಿದು ಅಲ್ಲೇ ಮೊದಲು ಕಾಯುತ್ತದೆ. ಬಿಸಿ ಚಹಾ ತುಂಬಿದ ಕಪ್ಪನ್ನು ಎತ್ತುವಾಗಲೇ ಹಿಡಿ ಕೈಗೆ ಬರುತ್ತದೆ. ಡಿಶ್‌ವಾಷರ್‌ನಲ್ಲಿ ಕೆಲವೇ ತೊಳೆತಕ್ಕೆ ಅಂಟು ಬಿಡುತ್ತದೆ. ಆ ಕಪ್ಪಿನಲ್ಲಿ ಪೆನ್ನು ಇಡಿ, ಇಲ್ಲವೇ ತಣ್ಣಗಿನ ಒಣ ಸಾಮಾನಿಗೆ ಬಳಸಿ. ಸೆಟ್ಟಿನ ಉಳಿದ ಕಪ್ಪುಗಳ ಹಿಡಿ ಕೂಡುವ ಜಾಗದಲ್ಲೂ ಕೂದಲೆಳೆ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಒಂದೇ ಭಟ್ಟಿಯಲ್ಲಿ ಸುಟ್ಟ ಕಪ್ಪುಗಳಲ್ಲಿ ಒಂದರ ಹಿಡಿ ತಾನಾಗಿ ಕಿತ್ತಿದ್ದರೆ ಮಿಕ್ಕವುಗಳದ್ದೂ ಸಡಿಲವಿರಬಹುದು.